ಸಹಾಯ ಬೇಕು: ಡಿಸಿ ವೈರಲ್ಲೇ 43 ವ್ಯಾಟ್ ಹೋಗ್ತಿದೆ, ಸೀರೀಸ್ ಮಾಡಬಹುದಾ?

ಪ್ಯಾರಲಲ್‌ನಲ್ಲಿ ಎರಡು ಸೋಲಾರ್ ಪ್ಯಾನೆಲ್ ಇವೆ. ಒಳ್ಳೆ ಬಿಸಿಲಲ್ಲಿ 36 ವೋಲ್ಟ್, ಒಟ್ಟು 18 ಆಂಪ್ಸ್. ಇನ್ವರ್ಟರ್ 15 ಮೀಟರ್ ದೂರ, ತಾಮ್ರದ ವೈರ್ 4 ಸ್ಕ್ವೇರ್ ಎಂಎಂ. ಹೋಗಿ ಬರುವ ದಾರಿ ಎರಡೂ ಸೇರಿ 30 ಮೀಟರ್, ರೆಸಿಸ್ಟೆನ್ಸ್ ಸುಮಾರು 0.13 ಓಮ್.

ಲೋಡ್ ಇದ್ದಾಗ ಇನ್ವರ್ಟರ್ ಟರ್ಮಿನಲ್‌ನಲ್ಲಿ ಮೀಟರ್ ಇಟ್ಟರೆ 33.6 ವೋಲ್ಟ್ ಮಾತ್ರ. 2.4 ವೋಲ್ಟ್ ದಾರಿಯಲ್ಲೇ ಹೋಯ್ತು. 18 ಆಂಪ್ಸ್‌ಗೆ ಅದು 43 ವ್ಯಾಟ್, ಪೂರ್ತಿ ವೈರ್ ಬಿಸಿ ಮಾಡೋದಕ್ಕೇ. ಕರೆಂಟ್ ಹರಿಯದಿದ್ದರೆ ಡ್ರಾಪ್ ಕಾಣಿಸೋದೇ ಇಲ್ಲ, ಅದಕ್ಕೇ ಲೋಡ್ ಹಾಕಿ ಅಳೆದದ್ದು.

10 ಸ್ಕ್ವೇರ್ ಎಂಎಂ ಎಳೆದರೆ ನಷ್ಟ 17 ವ್ಯಾಟ್‌ಗೆ ಇಳಿಯುತ್ತೆ. ಹಳೇ ವೈರಲ್ಲೇ ಸೀರೀಸ್ ಮಾಡಿದರೆ ಕರೆಂಟ್ ಅರ್ಧ, ನಷ್ಟ ಕಾಲು ಭಾಗ, ಅಂದ್ರೆ 11 ವ್ಯಾಟ್. ಆದರೆ ಓಪನ್ ಸರ್ಕ್ಯೂಟ್ ವೋಲ್ಟೇಜ್ 90 ಆಗುತ್ತೆ, ಇನ್ವರ್ಟರ್ ಮಿತಿ 100. ಚಳಿ ಬೆಳಗಲ್ಲಿ ವೋಲ್ಟೇಜ್ ಇನ್ನೂ ಏರುತ್ತಲ್ಲ, ಈ 10 ವೋಲ್ಟ್ ಅಂತರ ಸಾಕಾ? ಇಂಥ ಸೆಟಪ್ ನಡೆಸ್ತಿರುವವರು ದಯವಿಟ್ಟು ಹೇಳಿ.