ಪದಚರ್ಚೆ: ಸಿರಪ್ ಬಾಟಲಿಯ ಮೇಲಿನ ‘250’ಕ್ಕೆ ಏನೆನ್ನಬೇಕು?

ಪ್ರಶ್ನೆ, ತೀರ್ಥಹಳ್ಳಿಯಿಂದ:
ಮಾನ್ಯರೇ, ಮಕ್ಕಳ ಗಂಟಲು ನೋವಿಗೆ ಪ್ಯಾರಸಿಟಮಾಲ್ ಕೊಡುವ ಬಗೆಯನ್ನು ತಾಯಂದಿರಿಗಾಗಿ ಒಂದು ಪುಟದಲ್ಲಿ ಬರೆಯುತ್ತಿದ್ದೇನೆ. ತೂಕದ ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಎಂಬುದನ್ನು ‘ಪ್ರಮಾಣ’ ಎಂದು ಬರೆದರೆ, ಬಾಟಲಿಯ ಮೇಲಿನ ‘5 ಮಿ.ಲೀ.ಯಲ್ಲಿ 250 ಮಿ.ಗ್ರಾಂ.’ ಎಂಬುದಕ್ಕೂ ಅದೇ ಪದ ಬಂದು ಎರಡೂ ಕಲಸಿಹೋಗುತ್ತವೆ. ಎರಡನೆಯದಕ್ಕೆ ‘ಸಾಂದ್ರತೆ’ ಸರಿಹೋಗುವುದೇ?

ಶಿವಮೊಗ್ಗದ ನಿವೃತ್ತ ಶಿಕ್ಷಕರು:
‘ಸಾಂದ್ರತೆ’ ಪಠ್ಯಪುಸ್ತಕದ ಪದ. ಔಷಧದ ಅಂಗಡಿಯಲ್ಲಿ ಜನ ‘ಪವರ್’ ಎನ್ನುತ್ತಾರೆ, ಅದನ್ನೇ ಬರೆಯಿರಿ. ಲೆಕ್ಕವೂ ಬೇಕಿಲ್ಲ, ಐದು ವರ್ಷದ ಮಗುವಿಗೆ ಒಂದು ಚಮಚ ಎಂದರೆ ಸಾಕು.

ಹೊಸನಗರದ ಗೃಹಿಣಿ:
ನನ್ನ ಮಗಳಿಗೆ ಪ್ಯಾರಸಿಟಮಾಲ್, ಐಬುಪ್ರೊಫೆನ್ ಎರಡೂ ಬೆರೆತ ಸಿರಪ್ ಕೊಟ್ಟೆ, ನೋವು ಬೇಗ ಇಳಿಯಿತು. ಪುಟದಲ್ಲಿ ಅದನ್ನೇ ಹೇಳಬಾರದೇಕೆ?

ಸಾಗರದ ಮಕ್ಕಳ ವೈದ್ಯರು:
‘ಪವರ್’ ಜನರ ಬಾಯಲ್ಲಿರುವ ಪದವೆಂಬುದು ನಿಜ, ಆದರೆ ವಯಸ್ಸು ಮತ್ತು ಚಮಚದ ಅಳತೆಯನ್ನು ನಾನು ಒಪ್ಪಲಾರೆ. ಐದು ವರ್ಷದ ಇಬ್ಬರು ಮಕ್ಕಳಲ್ಲಿ ಒಂದು 14 ಕೆ.ಜಿ., ಇನ್ನೊಂದು 20 ಕೆ.ಜಿ. ಇರುವುದುಂಟು, ಮನೆಯ ಚಮಚಗಳೂ ಒಂದೇ ಅಳತೆಯವಲ್ಲ. 14 ಕೆ.ಜಿ.ಯ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 210 ಮಿ.ಗ್ರಾಂ., ಆದ್ದರಿಂದ 250ರ ಬಾಟಲಿಯಿಂದ 4 ಮಿ.ಲೀ. ಕೊಟ್ಟರೆ 200 ಸೇರಿ ಸರಿಹೋಗುತ್ತದೆ. ಅದೇ 4 ಮಿ.ಲೀ.ಯನ್ನು 120ರ ಬಾಟಲಿಯಿಂದ ಕೊಟ್ಟರೆ 96 ಮಾತ್ರ ಸೇರಿ ನೋವು ಇಳಿಯದು, ಒಂದೇ ಮಿ.ಲೀ.ಯಲ್ಲಿ 100 ಇರುವ ಹಸುಗೂಸುಗಳ ಹನಿ ಔಷಧದಿಂದ ಕೊಟ್ಟರೆ 400 ಆಗುತ್ತದೆ. ಎರಡು ಸಲದ ನಡುವೆ ನಾಲ್ಕರಿಂದ ಆರು ಗಂಟೆಯ ಅಂತರವಿರಲಿ, 24 ಗಂಟೆಯಲ್ಲಿ ನಾಲ್ಕು ಸಲ ಮೀರದಿರಲಿ. ಮಿತಿಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ, ಆದರೂ ಮೊದಲ ದಿನ ಮಗು ಆಡಿಕೊಂಡೇ ಇರಬಹುದು. ಹೆಚ್ಚು ಕೊಟ್ಟದ್ದು ತಿಳಿದೊಡನೆ ಆಸ್ಪತ್ರೆಗೆ ಬರಬೇಕು.

ಹೊಸನಗರದ ಅಮ್ಮನವರೇ, ಬೆರಕೆ ಸಿರಪ್‌ನಲ್ಲಿ ಪ್ಯಾರಸಿಟಮಾಲ್ ಇರುವುದನ್ನು ಮರೆತು ಬೇರೆ ಬಾಟಲಿಯಿಂದಲೂ ಅದನ್ನು ಕೊಡುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಐಬುಪ್ರೊಫೆನ್ ಕೆಟ್ಟ ಔಷಧವಲ್ಲ, ಆದರೆ ಗಂಟಲು ನೋಯುವ ಮಗು ನೀರು ಕುಡಿಯುವುದಿಲ್ಲ, ಮೈಯಲ್ಲಿ ನೀರಿನಂಶ ಇಳಿದಾಗ ಮೂತ್ರಪಿಂಡಕ್ಕೆ ರಕ್ತ ಹರಿಯಲು ನೆರವಾಗುವ ವ್ಯವಸ್ಥೆಯನ್ನೇ ಈ ಔಷಧ ತಡೆಯುತ್ತದೆ. ಮೂತ್ರ ಕಡಿಮೆಯಾಗಿದ್ದರೆ, ಬಾಯಿ ಒಣಗಿದ್ದರೆ ಅದು ಬೇಡ. ನಮ್ಮ ಕಡೆ ಮಳೆಗಾಲದ ಜ್ವರ ಡೆಂಗಿಯಾಗಿರಬಹುದು, ಬೇಸಿಗೆಯದು ಮಂಗನ ಕಾಯಿಲೆಯಾಗಿರಬಹುದು. ಎರಡರಲ್ಲೂ ರಕ್ತಸ್ರಾವದ ಭಯವಿರುವಾಗ, ಪ್ಲೇಟ್‌ಲೆಟ್ಟುಗಳ ಕೆಲಸಕ್ಕೆ ಅಡ್ಡಬರುವ ಐಬುಪ್ರೊಫೆನ್ನನ್ನು ವೈದ್ಯರು ನೋಡುವ ಮೊದಲು ಕೊಡಬಾರದು.

ತೀರ್ಥಹಳ್ಳಿಯಿಂದ ಮತ್ತೆ:
ಹಾಗಾದರೆ ‘ಒಂದು ಸಲಕ್ಕೆ ಕೊಡುವ ಪ್ರಮಾಣ’ ಎಂದೂ ‘ಬಾಟಲಿಯ ಪವರ್, ಅಂದರೆ 5 ಮಿ.ಲೀ.ಯಲ್ಲಿರುವ ಮಿ.ಗ್ರಾಂ.’ ಎಂದೂ ಬೇರೆ ಬೇರೆಯಾಗಿ ಬರೆಯುತ್ತೇನೆ. ಹನಿ ಔಷಧದ ಬಾಟಲಿಯಲ್ಲಿ ಲೆಕ್ಕವಿರುವುದು 1 ಮಿ.ಲೀ.ಗೆ, ಅಲ್ಲಿಯೂ ‘ಪವರ್ 100’ ಎಂದರೆ 250ಕ್ಕಿಂತ ತೆಳುವೆಂದು ಓದುವವರು ತಿಳಿಯುವುದಿಲ್ಲವೇ?