ಅರ್ಜಿ ಕಳುಹಿಸುವ ಮೊದಲಿನ ಕೊನೆಯ ಓದು: ಹಳೆಯ ಹೆಸರು, ಹಳೆಯ ದಿನಾಂಕ ಉಳಿಯದಂತೆ ನೋಡುವುದು ಹೇಗೆ?

ಪ್ರಶ್ನೆ (ಲೆಕ್ಕಪತ್ರ ಸಹಾಯಕಿ, ದಾವಣಗೆರೆ):
ಸಹಕಾರಿ ಸಂಸ್ಥೆಗಳಿಗೆ ಕೆಲಸದ ಅರ್ಜಿ ಹಾಕುತ್ತಿದ್ದೇನೆ. ಒಂದೇ ಪತ್ರವನ್ನು ಬದಲಿಸಿ ಬೇರೆ ಬೇರೆ ಕಡೆಗೆ ಕಳುಹಿಸುತ್ತೇನೆ. ಎಷ್ಟು ಓದಿದರೂ ಏನೋ ಒಂದು ಉಳಿದುಬಿಡುತ್ತದೆ. ಕೆಳಗಿನದು ನಾಳೆ ಹೋಗಬೇಕು. ನಿಜವಾದ ಹೆಸರುಗಳ ಬದಲು ಹೂವಿನ ಹೆಸರು ಹಾಕಿದ್ದೇನೆ. ಹಿಂದಿನ ಅರ್ಜಿ ಮಲ್ಲಿಗೆ ಸೊಸೈಟಿಗೆ ಹೋಗಿತ್ತು, ಇದು ಸಂಪಿಗೆ ಬ್ಯಾಂಕಿಗೆ. Ctrl+F ಒತ್ತಿ ‘ಮಲ್ಲಿಗೆ’ ಹುಡುಕಿದೆ, ಒಂದೂ ಸಿಗಲಿಲ್ಲ. ಹಾಗಾದರೆ ಕಳುಹಿಸಬಹುದೇ? ಹಿಂದಿನ ಕಚೇರಿಗೆ ಜೂನ್ 2022ರಲ್ಲಿ ಸೇರಿ, 2025ರ ಮೇ ಕೊನೆಗೆ ಬಿಟ್ಟಿದ್ದೇನೆ. ಅಂಕಪಟ್ಟಿ ಮತ್ತು ಅನುಭವ ಪತ್ರ ಲಗತ್ತಿಸುತ್ತಿದ್ದೇನೆ.

> ದಿನಾಂಕ: 12-03-2025
> ಕಾರ್ಯದರ್ಶಿಗಳಿಗೆ, ಸಂಪಿಗೆ ಬ್ಯಾಂಕ್
> ಮಾನ್ಯರೇ, ದಿನಾಂಕ 02-06-2025ರ ಪತ್ರಿಕೆಯಲ್ಲಿ ಬಂದ ಪ್ರಕಟಣೆ ನೋಡಿ ಲೆಕ್ಕಿಗರ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಕಳೆದ ಎರಡು ವರ್ಷಗಳಿಂದ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಜಿಎಸ್‌ಟಿ ರಿಟರ್ನ್ಸ್ ಸಿದ್ಧಪಡಿಸುತ್ತಿದ್ದೆ. ಬ್ಯಾಂಕ್ ಖಾತೆಗಳ ತಾಳೆ ನೋಡುವ ಕೆಲಸವನ್ನೂ ಮಾಡುತ್ತೇನೆ. ಮೇಲೆ ತಿಳಿಸಿದ ತರಬೇತಿಯಿಂದ ಟ್ಯಾಲಿಯಲ್ಲಿ ಹಿಡಿತವಿದೆ. ನಿಮ್ಮ ಸೊಸೈಟಿಯ ಸದಸ್ಯರ ಠೇವಣಿ ಲೆಕ್ಕಗಳನ್ನು ನಿಭಾಯಿಸಬಲ್ಲೆ. ಏಪ್ರಿಲ್ 1ರಿಂದ ಹಾಜರಾಗಬಲ್ಲೆ.
> ಅಡಕ: 3

ತಂತ್ರಾಂಶ ಉದ್ಯೋಗಿ, ಬೆಂಗಳೂರು:
ಇದಕ್ಕೆ ಓದುವ ಅಗತ್ಯವೇ ಇಲ್ಲ. Find and Replace ತೆರೆದು ಹಳೆಯ ಹೆಸರಿನ ಜಾಗಕ್ಕೆ ಹೊಸದನ್ನು ಕೊಟ್ಟು Replace All ಒತ್ತಿ. ಯಂತ್ರ ಒಂದನ್ನೂ ಬಿಡುವುದಿಲ್ಲ.

ಕರಡು ತಿದ್ದುವವರು, ಧಾರವಾಡ:
ಈಗಲೇ ಕಳುಹಿಸಬೇಡಿ. ಆದರೆ ಪತ್ರ ಕೆಟ್ಟದಾಗಿಲ್ಲ, ಒಂದು ಸಂಜೆಯ ಕೆಲಸವೂ ಇಲ್ಲ.

ಮೊದಲು Replace All ವಿಚಾರ. ಹೆಸರು ಹುಡುಕಲು ಯಂತ್ರ ಒಳ್ಳೆಯದು, ಆದರೆ ಕನ್ನಡದಲ್ಲಿ ಹೆಸರು ಒಂಟಿಯಾಗಿ ನಿಲ್ಲುವುದಿಲ್ಲ, ವಿಭಕ್ತಿಯನ್ನು ಅಂಟಿಸಿಕೊಂಡು ಬರುತ್ತದೆ. ‘ಸೊಸೈಟಿ’ ಇದ್ದಲ್ಲೆಲ್ಲ ‘ಬ್ಯಾಂಕ್’ ಹಾಕು ಎಂದರೆ ‘ಸೊಸೈಟಿಯಲ್ಲಿ’ ಎಂಬುದು ‘ಬ್ಯಾಂಕ್ಯಲ್ಲಿ’ ಆಗುತ್ತದೆ. ನೀವು ಹಿಂದೆ ಯಾವುದಾದರೂ ಸೊಸೈಟಿಯಲ್ಲಿ ದುಡಿದಿದ್ದರೆ ಆ ಅನುಭವದ ಸಾಲೂ ಸದ್ದಿಲ್ಲದೆ ಬದಲಾಗಿ ಸುಳ್ಳಾಗುತ್ತದೆ. ಆದ್ದರಿಂದ ಹುಡುಕುವುದನ್ನು ಯಂತ್ರಕ್ಕೆ ಬಿಡಿ, ಬದಲಿಸುವುದನ್ನು ಒಂದೊಂದಾಗಿ ಕೈಯಿಂದ ಮಾಡಿ.

ನಿಮ್ಮ ಹುಡುಕಾಟದಲ್ಲಿ ‘ಮಲ್ಲಿಗೆ’ ಸಿಗಲಿಲ್ಲ, ನಿಜ. ಆದರೆ ‘ನಿಮ್ಮ ಸೊಸೈಟಿಯ ಸದಸ್ಯರ’ ಎಂಬ ಸಾಲು ಅಲ್ಲೇ ಇದೆ. ಬ್ಯಾಂಕಿನವರು ಅದನ್ನು ಓದಿದ ಕೂಡಲೇ ಪತ್ರ ಬೇರೆಯವರಿಗೆ ಬರೆದದ್ದೆಂದು ತಿಳಿಯುತ್ತಾರೆ. ಸಂಸ್ಥೆಯ ಹೆಸರನ್ನು ತೆಗೆದರೂ ಅದರ ನೆರಳು ಉಳಿಯುತ್ತದೆ: ಸೊಸೈಟಿ, ಸಂಘ, ಶಾಲೆ, ಆಸ್ಪತ್ರೆ ಎಂಬ ಸಾಮಾನ್ಯ ಪದಗಳಲ್ಲಿ, ಊರಿನ ಹೆಸರಿನಲ್ಲಿ, ಪತ್ರ ಯಾರಿಗೆ ಎಂಬ ಪದನಾಮದಲ್ಲಿ. ಸಂಪಿಗೆ ಬ್ಯಾಂಕಿನ ಪ್ರಕಟಣೆಯಲ್ಲಿ ಅರ್ಜಿಯನ್ನು ಕಾರ್ಯದರ್ಶಿಗಳಿಗೇ ಕಳುಹಿಸಲು ಹೇಳಿದ್ದಾರೆಯೇ ಅಥವಾ ಪ್ರಧಾನ ವ್ಯವಸ್ಥಾಪಕರಿಗೋ ಎಂದು ನೋಡಿ. ಪ್ರಕಟಣೆಯನ್ನು ಪಕ್ಕದಲ್ಲಿಟ್ಟುಕೊಂಡು ಹೆಸರು, ವಿಳಾಸ, ಪದನಾಮ, ಹುದ್ದೆಯ ಹೆಸರು ಈ ನಾಲ್ಕನ್ನು ಅಕ್ಷರಕ್ಕೆ ಅಕ್ಷರ ತಾಳೆ ಹಾಕಿ. ನೆನಪಿನಿಂದ ತಾಳೆ ಹಾಕಿದರೆ ನಿಮಗೆ ಕಾಣುವುದು ನೀವು ಬರೆಯಬೇಕೆಂದುಕೊಂಡದ್ದು ಮಾತ್ರ.

ಇನ್ನು ದಿನಾಂಕ. ಮೇಲೆ 12-03 ಎಂದಿದೆ, ಒಳಗೆ 02-06ರ ಪ್ರಕಟಣೆ ಎಂದಿದೆ. ಪ್ರಕಟಣೆ ಬರುವ ಮೊದಲೇ ಅರ್ಜಿ ಬರೆದಂತಾಯಿತು. ಏಪ್ರಿಲ್ 1 ಕಳೆದುಹೋಗಿದೆ. ಇವು ಅಂಕಿಗಳಾದ್ದರಿಂದ ಕಣ್ಣಿಗೆ ಬೀಳುತ್ತವೆ. ಅಂಕಿಯೇ ಇಲ್ಲದ ಹಳೆಯ ದಿನಾಂಕ ಹೆಚ್ಚು ತೊಂದರೆ ಕೊಡುತ್ತದೆ: ‘ಕಳೆದ ಎರಡು ವರ್ಷಗಳಿಂದ’. ಬರೆದಾಗ ಸರಿಯಿತ್ತು, ಈಗ ಮೂರು ವರ್ಷ ತುಂಬಿದೆ. ಒಂದು ವರ್ಷದ ಅನುಭವವನ್ನು ನೀವೇ ಬಿಟ್ಟುಕೊಟ್ಟಿದ್ದೀರಿ, ಅನುಭವ ಪತ್ರಕ್ಕೂ ಅರ್ಜಿಗೂ ಹೊಂದಿಕೆಯೂ ಇಲ್ಲ. ‘ಕಳೆದ’, ‘ಮುಂದಿನ’, ‘ಸದ್ಯ’, ‘ಈ ವರ್ಷ’, ‘ವಯಸ್ಸು’, ‘ನಿರೀಕ್ಷೆಯಲ್ಲಿ’ ಎಂಬ ಪದಗಳನ್ನು ಹುಡುಕಿ. ಪ್ರತಿಯೊಂದರ ಮುಂದೆ ನಿಂತು ‘ಇದು ಇಂದಿಗೂ ನಿಜವೇ’ ಎಂದು ಕೇಳಿಕೊಳ್ಳಿ. ಸಾಧ್ಯವಾದಲ್ಲಿ ‘ಜೂನ್ 2022ರಿಂದ ಮೇ 2025ರವರೆಗೆ’ ಎಂದು ಬರೆಯಿರಿ. ಅದು ಹಳಸುವುದಿಲ್ಲ.

ನಿವೃತ್ತ ಶಿಕ್ಷಕರು, ಹಾಸನ:
ತಂಗೀ, ಆನ್‌ಲೈನ್‌ನಲ್ಲಿ ಸಲ್ಲಿಸಿದ ಅರ್ಜಿಯನ್ನು ತಿದ್ದಲು ಕೆಲವು ನೇಮಕಾತಿಗಳಲ್ಲಿ ಒಂದು ಅವಧಿ ಕೊಡುತ್ತಾರೆ. ನನ್ನ ಮಗನ ಅರ್ಜಿಯಲ್ಲಿ ಜನ್ಮದಿನಾಂಕ ತಪ್ಪಾದಾಗ ಹಾಗೆಯೇ ತಿದ್ದಿಸಿದೆವು. ಅಧಿಸೂಚನೆಯಲ್ಲಿ ಆ ದಿನಗಳನ್ನು ನೋಡಿ.

ಪ್ರಶ್ನೆ ಕೇಳಿದವರು:
ಸರ್, ಇದು ಆನ್‌ಲೈನ್ ನಮೂನೆಯಲ್ಲ, ಇಮೇಲ್‌ನಲ್ಲಿ ಕಳುಹಿಸುವ ಪತ್ರ. ಕಳುಹಿಸಿದ ಮೇಲೆ ಕೈಬಿಟ್ಟ ಹಾಗೆಯೇ. ಮೇಡಂ, ಕಾಲದ ವಿಷಯ ನನಗೆ ಗೊಂದಲ. ‘ಸಿದ್ಧಪಡಿಸುತ್ತಿದ್ದೆ’ ಸರಿಯೋ, ‘ಮಾಡುತ್ತೇನೆ’ ಸರಿಯೋ?

ಕರಡು ತಿದ್ದುವವರು, ಧಾರವಾಡ:
ಕೆಲಸ ಬಿಟ್ಟಿದ್ದೀರಿ, ಆದ್ದರಿಂದ ಆ ಕಚೇರಿಯ ಕೆಲಸಗಳೆಲ್ಲ ಭೂತಕಾಲಕ್ಕೆ ಹೋಗಬೇಕು. ನೀವು ಅಲ್ಲಿದ್ದಾಗ ಬರೆದ ಸಾಲುಗಳು ವರ್ತಮಾನದಲ್ಲೇ ನಿಂತಿವೆ, ನಡುವೆ ಒಂದನ್ನು ಮಾತ್ರ ತಿದ್ದಿದ್ದೀರಿ. ಅದರಿಂದಲೇ ಈ ಕಲಬೆರಕೆ. ‘ಮಾಡುತ್ತಿದ್ದೇನೆ’ ಮತ್ತು ‘ಮಾಡುತ್ತಿದ್ದೆ’ ಇವೆರಡಕ್ಕೂ ಕೊನೆಯಲ್ಲಷ್ಟೇ ವ್ಯತ್ಯಾಸ. ಓದಿನ ವೇಗದಲ್ಲಿ ಅದು ಕಾಣುವುದೇ ಇಲ್ಲ.

ಕನ್ನಡದಲ್ಲಿ ಇದಕ್ಕೊಂದು ಅನುಕೂಲವಿದೆ. ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಪತ್ರವನ್ನು ಮುದ್ರಿಸಿಕೊಂಡು ಪ್ರತಿ ಪೂರ್ಣವಿರಾಮದ ಹಿಂದಿನ ಪದಕ್ಕೆ ಮಾತ್ರ ಪೆನ್ಸಿಲಿನಿಂದ ಅಡಿಗೆರೆ ಎಳೆಯಿರಿ, ಬೇರೇನನ್ನೂ ಓದಬೇಡಿ. ನಿಮ್ಮ ಪತ್ರದಲ್ಲಿ ಸಿಗುವುದು ಹೀಗೆ: ಸಲ್ಲಿಸುತ್ತಿದ್ದೇನೆ, ಮಾಡುತ್ತಿದ್ದೇನೆ, ಸಿದ್ಧಪಡಿಸುತ್ತಿದ್ದೆ, ಮಾಡುತ್ತೇನೆ, ಹಿಡಿತವಿದೆ, ನಿಭಾಯಿಸಬಲ್ಲೆ, ಹಾಜರಾಗಬಲ್ಲೆ. ಎರಡನೆಯದೂ ನಾಲ್ಕನೆಯದೂ ತಪ್ಪೆಂದು ಆಗ ತಾನಾಗಿ ತಿಳಿಯುತ್ತದೆ. ಮೊದಲನೆಯದು ಸರಿ, ಏಕೆಂದರೆ ಅರ್ಜಿಯನ್ನು ಈಗ ಸಲ್ಲಿಸುತ್ತಿದ್ದೀರಿ. ಟ್ಯಾಲಿಯ ಹಿಡಿತ ಈಗಲೂ ಇದೆ, ಅದೂ ಹಾಗೆಯೇ ಇರಲಿ. ಎಲ್ಲವನ್ನೂ ಒಂದೇ ಕಾಲಕ್ಕೆ ಎಳೆಯುವುದು ಇಲ್ಲಿ ಉದ್ದೇಶವಲ್ಲ. ಮುಗಿದ ಕೆಲಸ ಮುಗಿದಂತೆ, ಇರುವ ಸಾಮರ್ಥ್ಯ ಇರುವಂತೆ ಕಾಣಬೇಕು. ‘ಮೂರು ವರ್ಷ ಕೆಲಸ ಮಾಡಿದ್ದೇನೆ’ ಎಂದರೂ ತಪ್ಪಿಲ್ಲ. ಕೆಲಸ ಮುಗಿದಿದೆ, ಅನುಭವ ಉಳಿದಿದೆ ಎಂಬ ಎರಡೂ ಅರ್ಥ ಅದರಲ್ಲಿ ಬರುತ್ತದೆ.

ಈ ಉಪಾಯಕ್ಕೆ ಮಿತಿಯೂ ಇದೆ. ‘ನಾನು ಕೆಲಸ ಮಾಡುತ್ತಿರುವ ಕಚೇರಿಯಲ್ಲಿ’ ಎಂಬಂಥದ್ದು ವಾಕ್ಯದ ನಡುವೆ ಅಡಗಿರುತ್ತದೆ, ಅಡಿಗೆರೆಗೆ ಸಿಗುವುದಿಲ್ಲ. ‘ತ್ತಿರುವ’ ಎಂದು ಬೇರೆಯಾಗಿ ಹುಡುಕಿ.

‘ಮೇಲೆ ತಿಳಿಸಿದ ತರಬೇತಿ’ ಎಂದಿದ್ದೀರಿ, ಮೇಲೆ ಯಾವ ತರಬೇತಿಯೂ ಇಲ್ಲ. ಹಳೆಯ ಪತ್ರದ ಒಂದು ಭಾಗ ಅಳಿಸಿ, ಅದನ್ನು ನೆಚ್ಚಿಕೊಂಡ ಸಾಲನ್ನು ಉಳಿಸಿದ್ದೀರಿ. ಮಾದರಿಯಿಂದ ಉಳಿಯುವ ಸಾಲುಗಳು ಹೀಗೆಯೇ ಇರುತ್ತವೆ. ‘ಮೇಲಿನ’, ‘ಕೆಳಗಿನ’, ‘ಲಗತ್ತಿಸಿರುವ’ ಎಂಬ ಪದಗಳು ಏನನ್ನು ತೋರಿಸುತ್ತವೆಯೋ ಅದು ನಿಜವಾಗಿ ಅಲ್ಲಿದೆಯೇ ಎಂದು ನೋಡಿ. ಅಡಕ 3 ಎಂದಿದೆ, ನೀವು ಹೇಳಿದ ಲಗತ್ತುಗಳು ಎರಡು. ಅದನ್ನು 2 ಎಂದು ತಿದ್ದಿ, ಇಲ್ಲವಾದರೆ ಅವರು ಮೂರನೆಯದನ್ನು ಹುಡುಕುತ್ತಾರೆ.

ಡಿಟಿಪಿ ಕೇಂದ್ರ ನಡೆಸುವವರು, ಶಿವಮೊಗ್ಗ:
ಮೇಡಂ ಹೇಳಿದ್ದರಲ್ಲಿ ಒಂದು ಎಚ್ಚರಿಕೆ ಸೇರಿಸಬೇಕು. Ctrl+F ‘ಸಿಗಲಿಲ್ಲ’ ಎಂದರೆ ಇಲ್ಲ ಎಂದೇ ಅರ್ಥವಲ್ಲ. ನಮ್ಮಲ್ಲಿಗೆ ಬರುವ ಹಳೆಯ ಅರ್ಜಿಗಳು ಹಲವು ಬಾರಿ ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿರುತ್ತವೆ. ಅದರಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಬೇರೆ ಸಂಕೇತಗಳು. ಯುನಿಕೋಡಿನಲ್ಲಿ ‘ಮಲ್ಲಿಗೆ’ ಟೈಪಿಸಿ ಹುಡುಕಿದರೆ ಪುಟದ ತುಂಬ ಇದ್ದರೂ ಸೊನ್ನೆ ಬರುತ್ತದೆ. ಪರೀಕ್ಷಿಸುವುದು ಸುಲಭ. ಪತ್ರದಲ್ಲಿ ಖಂಡಿತ ಇರುವ ಒಂದು ಪದವನ್ನು, ‘ಮಾನ್ಯರೇ’ ಎಂಬುದನ್ನೇ ಹುಡುಕಿ. ಅದೂ ಸಿಗದಿದ್ದರೆ ಹುಡುಕಾಟವನ್ನು ನಂಬಬೇಡಿ. ಫಾಂಟನ್ನು Nirmala UIಗೆ ಬದಲಿಸಿ, ಅಕ್ಷರಗಳು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾದರೆ ಕಾರಣ ಅದೇ. ಇಸವಿಯನ್ನು ಹುಡುಕುವಾಗ 2024 ಮತ್ತು ೨೦೨೪ ಎರಡನ್ನೂ ಕೊಡಿ, ಎರಡು ಬಗೆಯ ಅಂಕಿ ಬೆರೆತ ಕಡತಗಳು ಸಾಕಷ್ಟಿವೆ.

ಇನ್ನೊಂದು ವಿಚಾರ. ವರ್ಡ್‌ನಲ್ಲಿ ದಿನಾಂಕ ಸೇರಿಸುವಾಗ Update automatically ಎಂದು ಗುರುತು ಹಾಕಿದ್ದರೆ ಅದು ಆಮೇಲೆ ತೆರೆದ ದಿನಕ್ಕೆ ತಾನೇ ಬದಲಾಗಬಹುದು. ದಿನಾಂಕದ ಮೇಲೆ ಕ್ಲಿಕ್ ಮಾಡಿದಾಗ ಬೂದು ಬಣ್ಣ ಬಂದರೆ ಅದನ್ನು ಆಯ್ದು Ctrl+Shift+F9 ಒತ್ತಿ. ಆಗ ಅದು ಸಾಮಾನ್ಯ ಅಕ್ಷರವಾಗಿ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು:
‘ಮಾನ್ಯರೇ’ ಹುಡುಕಿದೆ, ಸಿಕ್ಕಿತು. ಹಾಗಾದರೆ ಯುನಿಕೋಡ್ ಇದೆ ಎಂದುಕೊಂಡಿದ್ದೇನೆ. ಪ್ರತಿ ಸಲ ಇಷ್ಟೆಲ್ಲ ಮಾಡಬೇಕೇ?

ಕರಡು ತಿದ್ದುವವರು, ಧಾರವಾಡ:
ಅರ್ಧದಷ್ಟು ಕೆಲಸವನ್ನು ಬರೆಯುವಾಗಲೇ ಉಳಿಸಬಹುದು. ನೀವು ಮಲ್ಲಿಗೆಗೆ ಹೋದ ಪತ್ರವನ್ನೇ ತೆರೆದು ಸಂಪಿಗೆಗೆ ತಿದ್ದಿದ್ದೀರಿ, ನಾಳೆ ಸಂಪಿಗೆಯದನ್ನು ತೆರೆದು ಇನ್ನೊಂದಕ್ಕೆ ತಿದ್ದುತ್ತೀರಿ. ಪ್ರತಿ ಪತ್ರಕ್ಕೂ ಹಿಂದಿನದರ ಉಳಿಕೆ ಸೇರುತ್ತ ಹೋಗುತ್ತದೆ. ಬದಲಿಗೆ ಯಾರ ಹೆಸರೂ ಇಲ್ಲದ ಒಂದು ಮೂಲ ಪ್ರತಿ ಇಟ್ಟುಕೊಳ್ಳಿ. ಬದಲಾಗುವ ಜಾಗದಲ್ಲೆಲ್ಲ ಒಂದೇ ಗುರುತು ಇರಲಿ:

```
##ದಿನಾಂಕ##
##ಸಂಸ್ಥೆ##
##ಹುದ್ದೆ##
##ಹಾಜರಾಗುವ ದಿನ##
```

ಯಾವಾಗಲೂ ಆ ಮೂಲ ಪ್ರತಿಯಿಂದಲೇ ಆರಂಭಿಸಿ. ತುಂಬಿದ ಮೇಲೆ ## ಹುಡುಕಿ. ಒಂದಾದರೂ ಸಿಕ್ಕರೆ ಪತ್ರ ಮುಗಿದಿಲ್ಲ. ಹಳೆಯ ಹೆಸರು ಉಳಿದರೆ ಅದು ಸರಿಯಾದ ಪದದಂತೆಯೇ ಕಾಣುತ್ತದೆ, ## ಉಳಿದರೆ ಎದ್ದು ಕಾಣುತ್ತದೆ. ಅದಕ್ಕಾಗಿಯೇ ಈ ಗುರುತು.

ಕೊನೆಗೆ ಪಿಡಿಎಫ್ ಮಾಡಿ, ಅದನ್ನು ಮೊಬೈಲಿನಲ್ಲಿ ತೆರೆದು ಓದಿ. ಸಾಲುಗಳು ಬೇರೆ ಜಾಗದಲ್ಲಿ ಮುರಿದರೆ, ಅಕ್ಷರದ ಗಾತ್ರ ಬದಲಾದರೆ ಕಣ್ಣು ಹೊಸದಾಗಿ ಓದುತ್ತದೆ. ಕಡತದ ಹೆಸರು, ಇಮೇಲ್‌ನ ವಿಷಯದ ಸಾಲು ಇವನ್ನು ಮರೆಯಬೇಡಿ. ಪಿಡಿಎಫನ್ನು ಬ್ರೌಸರಿನಲ್ಲಿ ತೆರೆದಾಗ ಮೇಲೆ ಕಾಣುವ ಶೀರ್ಷಿಕೆಯನ್ನೂ ನೋಡಿ. ವರ್ಡ್ ಕಡತದ Title ಎಂಬಲ್ಲಿ ಹಳೆಯ ಸಂಸ್ಥೆಯ ಹೆಸರಿದ್ದರೆ ಅದು ಅಲ್ಲಿ ಬರಬಹುದು.

ನೇಮಕಾತಿ ವಿಭಾಗದಲ್ಲಿರುವವರು, ಮಂಗಳೂರು:
ನಮ್ಮ ಮೇಜಿಗೆ ಬರುವ ಪತ್ರಗಳಲ್ಲಿ ಕಾಲದ ತಪ್ಪನ್ನು ನಾನು ದೊಡ್ಡದಾಗಿ ಕಾಣುವುದಿಲ್ಲ. ಬೇರೆ ಸಂಸ್ಥೆಯ ಹೆಸರು ಇದ್ದರೆ ಮಾತ್ರ ಬೇಸರವಾಗುತ್ತದೆ. ಕಳುಹಿಸಿದ ಮೇಲೆ ಗೊತ್ತಾದರೆ ಅಂದೇ ತಿದ್ದಿದ ಪತ್ರವನ್ನು ಎರಡು ಸಾಲಿನ ವಿವರಣೆಯೊಂದಿಗೆ ಕಳುಹಿಸಿ. ಜಿಮೇಲ್‌ನಲ್ಲಿ Undo Send ಅವಧಿಯನ್ನು ಹೆಚ್ಚೆಂದರೆ 30 ಸೆಕೆಂಡಿಗೆ ಇಡಬಹುದು, ಅದನ್ನು ಮೊದಲೇ ಮಾಡಿಡಿ.

ಕರಡು ತಿದ್ದುವವರು, ಧಾರವಾಡ:
ಹೆಸರು ತಪ್ಪಿದ್ದರೆ ಎರಡನೆಯ ಪತ್ರ ಕಳುಹಿಸಬೇಕು, ಒಪ್ಪುತ್ತೇನೆ. ಕಾಲದ ತಪ್ಪನ್ನು ಹಗುರವಾಗಿ ಕಾಣುವುದಕ್ಕೆ ಒಪ್ಪಲಾರೆ. ‘ಮಾಡುತ್ತಿದ್ದೇನೆ’ ಎಂದಿದ್ದರೆ ಇವರು ಇನ್ನೂ ಆ ಕಚೇರಿಯಲ್ಲಿದ್ದಾರೆ, ಬಿಡುಗಡೆಗೆ ಸಮಯ ಬೇಕು ಎಂದು ಓದುವವರು ಭಾವಿಸಬಹುದು. ಲೆಕ್ಕಿಗರ ಹುದ್ದೆಗೆ ಅದು ವಾಸ್ತವಾಂಶದ ತಪ್ಪು.

ನೇಮಕಾತಿ ವಿಭಾಗದಲ್ಲಿರುವವರು, ಮಂಗಳೂರು:
ಆ ಅನುಮಾನ ಬಂದರೆ ನಾವು ಫೋನ್ ಮಾಡಿ ಕೇಳುತ್ತೇವೆ. ಅಷ್ಟಕ್ಕಾಗಿ ಎರಡನೆಯ ಪತ್ರ ಬಂದರೆ ಕೆಲವರಿಗೆ ಕಿರಿಕಿರಿಯೂ ಆಗುತ್ತದೆ.

ಪ್ರಶ್ನೆ ಕೇಳಿದವರು:
ತಿದ್ದುತ್ತಿದ್ದೇನೆ. ಪ್ರಕಟಣೆಯಲ್ಲಿ ‘ಪ್ರಧಾನ ವ್ಯವಸ್ಥಾಪಕರಿಗೆ’ ಎಂದೇ ಇದೆ, ನಾನು ಗಮನಿಸಿರಲಿಲ್ಲ. ಹಾಜರಾಗುವ ದಿನವನ್ನು ಬರೆಯಲೇಬೇಕೇ, ಅಥವಾ ಆ ಸಾಲನ್ನೇ ತೆಗೆಯಲೇ?

ಕರಡು ತಿದ್ದುವವರು, ಧಾರವಾಡ:
ಪ್ರಕಟಣೆಯಲ್ಲಿ ಕೇಳಿಲ್ಲವಾದರೆ ದಿನ ಬೇಡ. ‘ಆಯ್ಕೆಯಾದಲ್ಲಿ ಕೂಡಲೇ ಹಾಜರಾಗಬಲ್ಲೆ’ ಎಂದು ಬರೆಯಿರಿ. ಮೂಲ ಪ್ರತಿಯಲ್ಲೂ ಆ ##ಹಾಜರಾಗುವ ದಿನ## ತೆಗೆದು ಇದನ್ನೇ ಹಾಕಿಡಿ.