ರಾತ್ರಿ ಹೆದ್ದಾರಿಯಲ್ಲಿ ಬಲಗಡೆಯ ಟೈರು ಒಡೆದರೆ ಹಜಾರ್ಡ್ ಲೈಟ್ ಒಂದೇ ಸಾಕೇ?

ಪ್ರಶ್ನೆ: ಶಾಲಾ ಶಿಕ್ಷಕಿ, ಹಾಸನ

ಕಳೆದ ಶನಿವಾರ ರಾತ್ರಿ ಒಂಬತ್ತರ ಹೊತ್ತಿಗೆ ಬೆಂಗಳೂರಿನಿಂದ ಊರಿಗೆ ಮರಳುವಾಗ, ಚನ್ನರಾಯಪಟ್ಟಣ ದಾಟಿದ ಮೇಲೆ ನಮ್ಮ ಕಾರಿನ ಬಲಗಡೆಯ ಹಿಂದಿನ ಟೈರು ಒಡೆಯಿತು. ಎಡಕ್ಕೆ ನಿಲ್ಲಿಸಿ, ಕೆಂಪು ತ್ರಿಕೋನದ ಗುಂಡಿ ಒತ್ತಿ, ನಮ್ಮ ಯಜಮಾನರು ಸ್ಟೆಪ್ನಿ ಹಾಕಲು ಕುಳಿತರು. ಅತ್ತೆಯವರೂ ಮಕ್ಕಳೂ ಕಾರಿನಲ್ಲೇ ಇದ್ದರು. ಅಷ್ಟರಲ್ಲಿ ಬಂದ ಗಸ್ತು ವಾಹನದವರು ಕೆಲಸ ನಿಲ್ಲಿಸಿ, ಎಲ್ಲರನ್ನೂ ಇಳಿಸಿ ತಡೆಬೇಲಿಯ ಆಚೆಗೆ ಕಳುಹಿಸಿ, ಚೆನ್ನಾಗಿ ಗದರಿದರು. ನಾಲ್ಕೂ ಇಂಡಿಕೇಟರ್ ಮಿನುಗುತ್ತಿದ್ದಾಗ ನಮ್ಮ ತಪ್ಪೇನಿತ್ತು? ಆ ಲೈಟನ್ನು ಯಾವಾಗ ಹಾಕಬೇಕು?

ಉತ್ತರ: ಗ್ಯಾರೇಜ್ ಮತ್ತು ಟೋಯಿಂಗ್ ವಾಹನ ನಡೆಸುವವರು, ಹಾಸನ

ಮೇಡಂ, ಲೈಟು ಹಾಕಿದ್ದು ಸರಿ, ಅದನ್ನು ನಂಬಿ ಕುಳಿತದ್ದು ತಪ್ಪು. ಆ ಲೈಟು ಹಿಂದಿನಿಂದ ಬರುವವನಿಗೆ ಮುಂದೆ ಏನೋ ತೊಂದರೆ ಇದೆ ಎಂದಷ್ಟೇ ಹೇಳುತ್ತದೆಯೇ ಹೊರತು, ಈ ಕಾರು ನಿಂತಿದೆ ಎಂದು ಹೇಳುವುದಿಲ್ಲ. ಕತ್ತಲಲ್ಲಿ ಎರಡು ಮಿನುಗುವ ಚುಕ್ಕೆಗಳನ್ನು ನೋಡಿದ ಲಾರಿ ಚಾಲಕ, ಮುಂದೆ ನಿಧಾನವಾಗಿ ಹೋಗುತ್ತಿರುವ ವಾಹನವಿದೆ ಎಂದುಕೊಂಡು ಅದೇ ವೇಗದಲ್ಲಿ ಬರುತ್ತಾನೆ. ಚುಕ್ಕೆಗಳ ನಡುವಿನ ಅಂತರ ಬೇಗಬೇಗನೆ ಹಿಗ್ಗತೊಡಗಿದಾಗಲೇ ಅವನಿಗೆ ನಿಜ ತಿಳಿಯುವುದು, ಮತ್ತು ಅದು ತೀರ ಹತ್ತಿರ ಬಂದ ಮೇಲೆ.

ನಿಮ್ಮ ರಾತ್ರಿಯನ್ನೇ ಲೆಕ್ಕ ಹಾಕಿ ನೋಡೋಣ. ಗಂಟೆಗೆ 80 ಕಿ.ಮೀ. ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ದಣಿದ ಚಾಲಕ ಕಂಡು, ಅರ್ಥ ಮಾಡಿಕೊಂಡು, ಬ್ರೇಕಿನ ಮೇಲೆ ಕಾಲಿಡಲು ಎರಡು ಸೆಕೆಂಡು ಹಿಡಿದರೆ 44 ಮೀಟರ್ ಆಯಿತು. ಹೊರೆ ತುಂಬಿದ ಲಾರಿ ಪೂರ್ತಿ ನಿಲ್ಲಲು ಅದರ ಮೇಲೆ ಇನ್ನೂ ಐವತ್ತು ಅರವತ್ತು ಮೀಟರ್ ಬೇಕು. ಅಂದರೆ ನೂರು ಮೀಟರ್ ಹಿಂದೆಯೇ ಅವನಿಗೆ ವಿಷಯ ಗೊತ್ತಾಗಬೇಕು. ಬಲಗಡೆಯ ಚಕ್ರ ಬಿಚ್ಚಲು ಕುಳಿತವರ ಬೆನ್ನು ವಾಹನಗಳು ಓಡುವ ಪಥದ ಬಿಳಿಗೆರೆಗೆ ಒಂದು ಮೊಳವೂ ದೂರವಿರುವುದಿಲ್ಲ, ಜಾಕ್ ಏರಿಸಿ ಇಳಿಸಲು ಹದಿನೈದು ನಿಮಿಷವಾದರೂ ಬೇಕು. ಗಸ್ತಿನವರು ಗದರಿದ್ದು ಇದಕ್ಕೇ.

ಇಂಥ ಸಂದರ್ಭದಲ್ಲಿ ನಾನು ಮಾಡುವುದನ್ನು ಹೇಳುತ್ತೇನೆ. ಟೈರು ಒಡೆದಾಗ ಬ್ರೇಕನ್ನು ಒತ್ತಿ ಹಿಡಿಯದೆ, ಸ್ಟೀರಿಂಗ್ ಭದ್ರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಬೇಕು. ಎಡಕ್ಕೆ ಸರಿಯುವಷ್ಟು ಹೊತ್ತು ಎಡಗಡೆಯ ಇಂಡಿಕೇಟರನ್ನೇ ಹಾಕಬೇಕು, ಏಕೆಂದರೆ ಹೆಚ್ಚಿನ ಕಾರುಗಳಲ್ಲಿ ಹಜಾರ್ಡ್ ಗುಂಡಿ ಒತ್ತಿದ ಮೇಲೆ ನೀವು ಯಾವ ಕಡೆಗೆ ತಿರುಗುತ್ತೀರಿ ಎಂಬುದು ಹಿಂದಿನವರಿಗೆ ತಿಳಿಯುವುದೇ ಇಲ್ಲ. ರಸ್ತೆಯಂಚಿಗೆ ಬಂದ ಕೂಡಲೇ ಹಜಾರ್ಡ್ ಲೈಟು ಹಾಕಬೇಕು. ಜಾಗ ಇಕ್ಕಟ್ಟಾಗಿದ್ದರೆ ಅಥವಾ ತಿರುವಿನಲ್ಲಿದ್ದರೆ, ಒಡೆದ ಟೈರಿನಲ್ಲೇ ಇರುವೆಯಂತೆ ತೆವಳಿಕೊಂಡು ಇನ್ನೂರು ಮುನ್ನೂರು ಮೀಟರ್ ಮುಂದಿನ ಅಗಲ ಜಾಗಕ್ಕೆ ಹೋಗುವುದು ವಾಸಿ. ಟೈರು ಹೇಗೂ ಹೋಯಿತು, ರಿಮ್ಮೂ ಹಾಳಾದರೆ ಆಗಲಿ. ಗಿರಾಕಿಗಳಿಗೆ ಈ ಮಾತು ರುಚಿಸುವುದಿಲ್ಲ ಎಂಬುದು ನನಗೆ ಗೊತ್ತು.

ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಮುಂದಿನ ಚಕ್ರಗಳನ್ನು ಎಡಕ್ಕೆ ತಿರುಗಿಸಿಡಿ. ಹಿಂದಿನಿಂದ ಪೆಟ್ಟು ಬಿದ್ದರೆ ಕಾರು ರಸ್ತೆಯ ಕಡೆಗೆ ಹಾರದೆ ಅಂಚಿನ ಕಡೆಗೆ ಹೋಗಲಿ ಎಂಬುದು ಇದರ ಉದ್ದೇಶ. ಪಾರ್ಕಿಂಗ್ ಲೈಟೂ ಉರಿಯಲಿ, ಏಕೆಂದರೆ ಮಿನುಗುವ ದೀಪ ಅರ್ಧ ಹೊತ್ತು ಆರಿರುತ್ತದೆ. ಹೆಡ್‌ಲೈಟ್ ಮಾತ್ರ ಆರಿಸಿ. ಕೀ ತೆಗೆದರೂ ಹಜಾರ್ಡ್ ಲೈಟು ಉರಿಯುತ್ತದೆ. ಬ್ಯಾಟರಿ ಚೆನ್ನಾಗಿದ್ದರೆ ಈ ಎರಡೂ ದೀಪಗಳನ್ನು ಒಂದೆರಡು ಗಂಟೆ ತಡೆದುಕೊಳ್ಳುತ್ತದೆ. ಆಮೇಲೆ ಎಲ್ಲರೂ, ಸಾಧ್ಯವಾದರೆ ಚಾಲಕರೂ, ಎಡಗಡೆಯ ಬಾಗಿಲಿನಿಂದಲೇ ಇಳಿದು ತಡೆಬೇಲಿಯ ಆಚೆಗೆ ಹೋಗಬೇಕು. ದಾಟುವ ಮೊದಲು ಮೊಬೈಲ್ ಬೆಳಕು ಹಾಕಿ ನೋಡಿ, ಏಕೆಂದರೆ ಮೋರಿ ಮತ್ತು ಸೇತುವೆಗಳ ಬಳಿ ಬೇಲಿಯಾಚೆ ನೆಲವೇ ಇರುವುದಿಲ್ಲ. ನಿಲ್ಲುವುದು ಕಾರಿನ ಮುಂದುಗಡೆಯಲ್ಲಲ್ಲ, ವಾಹನಗಳು ಬರುವ ದಿಕ್ಕಿನಲ್ಲಿ, ಕಾರಿಗಿಂತ ಒಂದಿಪ್ಪತ್ತು ಹೆಜ್ಜೆ ಹಿಂದೆ. ಗುದ್ದಿಸಿಕೊಂಡ ಕಾರು ಮುಂದಕ್ಕೇ ಹಾರುತ್ತದೆ, ಎಡಕ್ಕೆ ತಿರುಗಿಸಿಟ್ಟ ಚಕ್ರ ಅದನ್ನು ಬೇಲಿಯ ಕಡೆಗೇ ತರುತ್ತದೆ.

ಇಷ್ಟಾದ ಮೇಲೆ ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿರುವ ಅಂಕಿಯನ್ನೂ ನೀವು ಯಾವ ಊರಿನ ಕಡೆಗೆ ಹೊರಟಿದ್ದೀರಿ ಎಂಬುದನ್ನೂ ಹೇಳಿ. ಎದುರಿನ ಪಥಕ್ಕೆ ವಾಹನ ಹೋಗಿಬಿಟ್ಟರೆ ತಿರುಗಿ ಬರಲು ಹಲವು ಕಿಲೋಮೀಟರ್ ಆಗುವುದುಂಟು. ಕಾರು ಓಡುವ ಪಥದಲ್ಲೇ ಕೆಟ್ಟು ನಿಂತಿದ್ದರೆ ಮೊದಲು 112. ಆಗ ಇಳಿಯಲು ಬಿಡುವೇ ಇಲ್ಲದಷ್ಟು ವಾಹನಗಳು ಬರುತ್ತಿದ್ದರೆ ಲೈಟು ಹಾಕಿಕೊಂಡು, ಸೀಟ್ ಬೆಲ್ಟ್ ಬಿಗಿದೇ ಕುಳಿತಿರಬೇಕಾಗುತ್ತದೆ.

ಶಾಲಾ ಶಿಕ್ಷಕಿ, ಹಾಸನ

ಕೆಂಪು ತ್ರಿಕೋನ ಫಲಕ ಡಿಕ್ಕಿಯಲ್ಲೇ ಇತ್ತು, ತೆಗೆಯಲು ನೆನಪಾಗಲಿಲ್ಲ. ಸ್ಟೆಪ್ನಿ ತೆಗೆದ ಮೇಲೆ ಡಿಕ್ಕಿಯ ಬಾಗಿಲನ್ನು ಮುಚ್ಚಲೂ ಇಲ್ಲ. ಗಸ್ತಿನವರು ಅದನ್ನೂ ಮುಚ್ಚಲು ಹೇಳಿದರು, ಕಾರಣ ತಿಳಿಯಲಿಲ್ಲ.

ಗ್ಯಾರೇಜಿನವರು, ಹಾಸನ

ಅದನ್ನು ನೀವು ಹೇಳಿದ್ದು ಒಳ್ಳೆಯದಾಯಿತು, ನಾನು ಮರೆತಿದ್ದೆ. ಕೆಲವು ಕಾರುಗಳಲ್ಲಿ ಹಿಂದಿನ ದೀಪಗಳ ಒಂದು ಭಾಗ ಡಿಕ್ಕಿಯ ಬಾಗಿಲಿಗೇ ಜೋಡಣೆಯಾಗಿರುತ್ತದೆ. ಬಾಗಿಲು ಮೇಲೆತ್ತಿದರೆ ಆ ದೀಪ ಆಕಾಶ ನೋಡುತ್ತದೆ, ಸಾಮಾನು ತೆಗೆಯಲು ನಿಂತವರ ಮೈ ಉಳಿದದ್ದನ್ನು ಮುಚ್ಚುತ್ತದೆ. ನಿಮ್ಮ ಕಾರಿನಲ್ಲಿ ಹೇಗಿದೆ ಎಂಬುದನ್ನು ಮನೆಯಂಗಳದಲ್ಲೇ ಲೈಟು ಹಾಕಿ, ಡಿಕ್ಕಿ ತೆರೆದು, ಹಿಂದೆ ನಿಂತು ನೋಡಿಕೊಳ್ಳಿ.

ತ್ರಿಕೋನವನ್ನು ಕಾರಿನ ಬುಡದಲ್ಲಿ ಇಟ್ಟರೆ ಉಪಯೋಗವಿಲ್ಲ. ಕನಿಷ್ಠ ಐವತ್ತು ಮೀಟರ್, ನಾಲ್ಕು ಪಥದ ರಸ್ತೆಯಲ್ಲಿ ನೂರು ಮೀಟರ್ ಹಿಂದೆ, ತಿರುವು ಇದ್ದರೆ ತಿರುವಿಗಿಂತ ಮೊದಲೇ ಇಡಬೇಕು; ನೂರು ಮೀಟರ್ ಎಂದರೆ ಸುಮಾರು ನೂರ ಮೂವತ್ತು ಹೆಜ್ಜೆ. ಬಿಡಿಸಿದ ತ್ರಿಕೋನವನ್ನು ವಾಹನಗಳಿಗೆ ಕಾಣುವಂತೆ ಎದೆಯ ಮುಂದೆ ಹಿಡಿದು, ಬೇಲಿಯ ಆಚೆಯಿಂದಲೇ ನಡೆದು ಹೋಗಿ, ಇಟ್ಟು, ಹಾಗೆಯೇ ಹಿಂದಿರುಗಬೇಕು.

ಟ್ಯಾಕ್ಸಿ ಚಾಲಕ, ಮೂಡಿಗೆರೆ

ಅಣ್ಣ, ನಿಂತಾಗ ಮಾತ್ರ ಎಂದರೆ ನಮಗೆ ಹೊಂದುವುದಿಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಮಳೆಗಾಲದ ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕದೆ ಹೋದರೆ ಹಿಂದಿನ ಗಾಡಿಗೆ ನಾವು ಕಾಣುವುದೇ ಇಲ್ಲ. ಹನ್ನೆರಡು ವರ್ಷದಿಂದ ಹೀಗೇ ಓಡಿಸುತ್ತಿದ್ದೇನೆ, ಎಲ್ಲರೂ ಹಾಕುತ್ತಾರೆ.

ಗ್ಯಾರೇಜಿನವರು, ಹಾಸನ

ಕಾಣಿಸಬೇಕು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಎಲ್ಲರೂ ಹಾಕುವುದರಿಂದಲೇ ತೊಂದರೆಯಾಗಿದೆ. ಮಂಜಿನಲ್ಲಿ ಓಡುವ ಹತ್ತು ಗಾಡಿಯೂ ಮಿನುಗುತ್ತಿದ್ದರೆ, ತಿರುವಿನಾಚೆ ನಿಜವಾಗಿಯೂ ಕೆಟ್ಟು ನಿಂತ ಹನ್ನೊಂದನೆಯದು ಬೇರೆಯಾಗಿ ಕಾಣುವುದಾದರೂ ಹೇಗೆ? ಓಡುವಾಗ ಹೆಡ್‌ಲೈಟನ್ನು ಡಿಮ್‌ನಲ್ಲಿಟ್ಟರೆ ಹಿಂದಿನ ಕೆಂಪು ದೀಪವೂ ಜೊತೆಗೆ ಉರಿಯುತ್ತದೆ. ಹಿಂದುಗಡೆ ಫಾಗ್ ಲ್ಯಾಂಪ್ ಇರುವ ಕಾರಾದರೆ ಅದನ್ನೂ ಹಾಕಿ. ಓಡುವ ಗಾಡಿಯಲ್ಲಿ ಹಜಾರ್ಡ್ ಲೈಟಿಗೆ ಒಂದು ಜಾಗವನ್ನು ನಾನು ಬಿಟ್ಟುಕೊಡುತ್ತೇನೆ: ವೇಗದ ರಸ್ತೆಯಲ್ಲಿ ಮುಂದೆ ಸಾಲು ತಟ್ಟನೆ ನಿಂತು, ನೀವೇ ಕೊನೆಯವರಾದಾಗ. ಆಗ ಹಾಕಿ, ಹಿಂದಿನವನು ನಿಧಾನಿಸಿದ್ದನ್ನು ಕನ್ನಡಿಯಲ್ಲಿ ಕಂಡ ಮೇಲೆ ತೆಗೆಯಿರಿ. ವೃತ್ತದಲ್ಲಿ ನೇರ ಹೋಗುತ್ತೇನೆಂದು ತೋರಿಸಲು ನಾಲ್ಕೂ ಹಾಕುವ ಅಭ್ಯಾಸಕ್ಕೆ ಮಾತ್ರ ಯಾವ ಸಮಜಾಯಿಷಿಯೂ ಇಲ್ಲ. ಎಡಬದಿಯ ರಸ್ತೆಯಿಂದ ಬರುವವನಿಗೆ ನಿಮ್ಮ ಎಡಗಡೆಯ ದೀಪ ಒಂದೇ ಕಾಣುತ್ತದೆ.

ಟ್ಯಾಕ್ಸಿ ಚಾಲಕ, ಮೂಡಿಗೆರೆ

ವೃತ್ತದ ಮಾತು ಸರಿ. ಘಾಟಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ನನ್ನ ಗಾಡಿಯಲ್ಲಿ ಹಿಂದಿನ ಫಾಗ್ ಲ್ಯಾಂಪ್ ಇಲ್ಲ.

ನಿವೃತ್ತ ಗುಮಾಸ್ತರು, ಬೇಲೂರು

ನನ್ನದು ಹಳೆಯ ಓಮ್ನಿ. ಹಜಾರ್ಡ್ ಸ್ವಿಚ್ ಒತ್ತಿದರೆ ನಾಲ್ಕೂ ಚೆನ್ನಾಗಿ ಮಿನುಗುತ್ತವೆ, ಆದರೆ ಎಡಕ್ಕಾಗಲಿ ಬಲಕ್ಕಾಗಲಿ ಇಂಡಿಕೇಟರ್ ಹಾಕಿದರೆ ಒಂದೂ ಉರಿಯುವುದಿಲ್ಲ. ಇದರ ಬಗ್ಗೆಯೇ ಚರ್ಚೆ ಎಂದುಕೊಂಡು ಓದುತ್ತಿದ್ದೆ. ರಿಲೇ ಬದಲಿಸಬೇಕೇ?

ಗ್ಯಾರೇಜಿನವರು, ಹಾಸನ

ಯಜಮಾನರೇ, ಚರ್ಚೆ ಬೇರೆ, ಆದರೂ ಹೇಳುತ್ತೇನೆ. ನಾಲ್ಕೂ ಮಿನುಗುತ್ತಿವೆ ಎಂದರೆ ಬಲ್ಬುಗಳೂ ರಿಲೇಯೂ ಸರಿಯಾಗಿವೆ. ಅನೇಕ ಹಳೆಯ ಗಾಡಿಗಳಲ್ಲಿ ಇಂಡಿಕೇಟರಿನ ಕರೆಂಟು ಹಜಾರ್ಡ್ ಸ್ವಿಚ್ಚಿನ ಒಳಗಿಂದಲೇ ಹಾದುಹೋಗುತ್ತದೆ. ಸ್ವಿಚ್ಚನ್ನು ವರ್ಷಗಟ್ಟಲೆ ಮುಟ್ಟದಿದ್ದಾಗ ಆ ಕಡೆಯ ಕಾಂಟ್ಯಾಕ್ಟಿನ ಮೇಲೆ ಕಿಲುಬು ಕೂರುತ್ತದೆ. ಮೊದಲು ಇಂಡಿಕೇಟರಿನ ಫ್ಯೂಸ್ ನೋಡಿ, ಅದು ಹಜಾರ್ಡಿನ ಫ್ಯೂಸಿಗಿಂತ ಬೇರೆ ಇರಬಹುದು. ಫ್ಯೂಸ್ ಸರಿಯಿದ್ದರೆ ಸ್ವಿಚ್ಚನ್ನು ಹದಿನೈದಿಪ್ಪತ್ತು ಸಲ ಒತ್ತಿ ಬಿಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಸ್ವಿಚ್ ಬದಲಿಸಬೇಕು.

ಸಾಫ್ಟ್‌ವೇರ್ ಉದ್ಯೋಗಿ, ಚಿಕ್ಕಮಗಳೂರು

ತ್ರಿಕೋನದ ಬಗ್ಗೆ ಒಂದು ಸಂಶಯ. ನಾನು ಇಂಗ್ಲೆಂಡಿನಲ್ಲಿ ಮೂರು ವರ್ಷ ಕಾರು ಓಡಿಸಿದ್ದೇನೆ. ಅಲ್ಲಿನ ಮೋಟರ್‌ವೇಗಳಲ್ಲಿ ತ್ರಿಕೋನ ಇಡಲು ಹೋಗಲೇಬೇಡಿ ಎಂದು ಅಲ್ಲಿಯ ಹೈವೇ ಕೋಡ್ ಹೇಳುತ್ತದೆ. ನೂರ ಮೂವತ್ತು ಹೆಜ್ಜೆ ಹೋಗಿ ಬರುವುದೇ ಅಪಾಯವಲ್ಲವೇ?

ಗ್ಯಾರೇಜಿನವರು, ಹಾಸನ

ಬೇಲಿಯಿಲ್ಲದ ಜಾಗದಲ್ಲಿ, ಮಳೆಯಲ್ಲಿ, ಒಬ್ಬರೇ ಇದ್ದಾಗ ಅಪಾಯವೇ. ಆಗ ನಾನೂ ಇಡಲು ಹೋಗುವುದಿಲ್ಲ. ಆದರೆ ನಮ್ಮ ಕಡೆ ಗಸ್ತು ವಾಹನ ಬರುವವರೆಗೆ ಕತ್ತಲಲ್ಲಿ ಕಾರನ್ನು ಬರೀ ದೀಪದ ಮೇಲೆ ಬಿಡುವುದೂ ನನಗೆ ಸಮ್ಮತವಲ್ಲ, ಅದರಲ್ಲೂ ಟ್ರಾಕ್ಟರುಗಳು ದೀಪವಿಲ್ಲದೆ ಓಡಾಡುವ ರಸ್ತೆಯಲ್ಲಿ. ಬೇಲಿಯ ಆಚೆ ನಡೆಯುವಂಥ ನೆಲವಿದ್ದರೆ ಇಡುತ್ತೇನೆ, ಇಲ್ಲದಿದ್ದರೆ ಬೇಲಿಯ ಹಿಂದೆಯೇ ನಿಂತು 1033ರವರಿಗೆ ಕಾಯುತ್ತೇನೆ. ನನ್ನ ಜೊತೆ ಟೋಯಿಂಗ್ ಮಾಡುವ ಹುಡುಗರಲ್ಲೇ ಇಬ್ಬರು ಇದನ್ನು ಒಪ್ಪುವುದಿಲ್ಲ.

ಶಾಲಾ ಶಿಕ್ಷಕಿ, ಹಾಸನ

ಹಾಗಾದರೆ ಬಲಗಡೆಯ ಟೈರನ್ನು ನಾವೇ ಬದಲಿಸುವುದು ಯಾವತ್ತೂ ಬೇಡವೇ? ನಮ್ಮವರು ಕೇಳುತ್ತಿದ್ದಾರೆ.

ಗ್ಯಾರೇಜಿನವರು, ಹಾಸನ

ಪೆಟ್ರೋಲ್ ಬಂಕಿನ ಆವರಣದಲ್ಲೋ ಸರ್ವಿಸ್ ರಸ್ತೆಯಲ್ಲೋ ಧಾರಾಳವಾಗಿ ಬದಲಿಸಲಿ. ಹೆದ್ದಾರಿಯ ಅಂಚಿನಲ್ಲಾದರೆ, ಕುಳಿತವರ ಬೆನ್ನಿನಿಂದ ಬಿಳಿಗೆರೆಗೆ ಒಂದಾಳುದ್ದ ಜಾಗ ಉಳಿಯಬೇಕು, ಹಿಂದೆ ಗಸ್ತಿನದೋ ಟೋಯಿಂಗಿನದೋ ವಾಹನ ಅಡ್ಡ ನಿಂತಿರಬೇಕು. ಆ ಎರಡೂ ಇಲ್ಲದಿದ್ದರೆ ನಾನೇ ಜಾಕ್ ಮುಟ್ಟುವುದಿಲ್ಲ. ಎಡಗಡೆಯ ಟೈರಾದರೆ ಕುಳಿತವರು ಕಾರಿನ ಮರೆಯಲ್ಲಿರುತ್ತಾರೆ, ಆದರೂ ಮಕ್ಕಳನ್ನು ಇಳಿಸಿ ದೂರ ನಿಲ್ಲಿಸಿದ ಮೇಲೆಯೇ ಕೈ ಹಾಕಲಿ.